ಮೊದಲ ಸಾಲಿನಲ್ಲೇ ಲೆಕ್ಕ

‘ನಾನು ಶ್ರಮಜೀವಿ, ಉತ್ಸಾಹಿ’ ಎಂದು ಶುರುವಾಗುವ ಅರ್ಜಿಯಲ್ಲಿ ಸೇಲ್ಸ್ ಮ್ಯಾನೇಜರ್‌ಗೆ ಹಿಡಿದು ನಿಲ್ಲಿಸುವಂಥದ್ದು ಏನೂ ಇರುವುದಿಲ್ಲ. ಟಾರ್ಗೆಟ್ ಎಷ್ಟಿತ್ತು, ಎಷ್ಟು ಮುಟ್ಟಿದರು ಎಂಬುದೇ ಅವರಿಗೆ ಬೇಕಾದದ್ದು.

ಹುಬ್ಬಳ್ಳಿಯ ಔಷಧ ಮಾರಾಟ ಪ್ರತಿನಿಧಿಯೊಬ್ಬರು ಹೊಸ ಕೆಲಸಕ್ಕೆ ಇಮೇಲ್ ಬರೆಯುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ‘ಟಾರ್ಗೆಟ್‌ನ ಶೇ. 115 ಸಾಧಿಸಿದ್ದೇನೆ’ ಎಂದಷ್ಟೇ ಹೇಳಿದರೆ ಸಾಲದು. ಹತ್ತು ಲಕ್ಷದ ಟಾರ್ಗೆಟ್ಟೋ ಒಂದು ಕೋಟಿಯದೋ ತಿಳಿಯುವುದಿಲ್ಲ. ‘ಕಳೆದ ವರ್ಷ ಹುಬ್ಬಳ್ಳಿ–ಧಾರವಾಡದಲ್ಲಿ 60 ಲಕ್ಷ ರೂಪಾಯಿ ಟಾರ್ಗೆಟ್‌ಗೆ 69 ಲಕ್ಷ ಮಾರಾಟ’ ಎಂದರೆ ಊರು, ಅವಧಿ, ಗಾತ್ರ ಮೂರೂ ಸಿಕ್ಕವು.

ಆದರೆ ಆ 69 ಲಕ್ಷ ಯಾವ ಮಾರಾಟ? ಕಂಪನಿಯಿಂದ ಸ್ಟಾಕಿಸ್ಟ್‌ಗೆ ಹೋದದ್ದು ಪ್ರೈಮರಿ. ಸ್ಟಾಕಿಸ್ಟ್‌ನಿಂದ ಮೆಡಿಕಲ್ ಶಾಪ್‌ಗೆ ಹೋದದ್ದು ಸೆಕೆಂಡರಿ. ಮಾರ್ಚ್ ಕೊನೆಯಲ್ಲಿ ಸ್ಟಾಕಿಸ್ಟ್‌ನ ಗೋದಾಮು ತುಂಬಿಸಿದರೆ ಪ್ರೈಮರಿ ಅಂಕಿ ಏರುತ್ತದೆ, ಮುಂದಿನ ತಿಂಗಳುಗಳಲ್ಲಿ ಮಾಲು ವಾಪಸ್ ಬರಲೂಬಹುದು. ಈ ಆಟ ಬಲ್ಲ ಮ್ಯಾನೇಜರ್ ಸಂದರ್ಶನದಲ್ಲಿ ಮೊದಲು ಕೆದಕುವುದು ಅದನ್ನೇ. ಹಾಗಾಗಿ ‘ಸೆಕೆಂಡರಿ ಮಾರಾಟ’ ಎಂಬ ಎರಡು ಪದ ಸೇರಿಸುವುದು ಒಳ್ಳೆಯದು, ಅದು ನಿಜವಾಗಿದ್ದರೆ ಮಾತ್ರ.

ಗ್ರಾಹಕರ ಲೆಕ್ಕವೂ ಹೀಗೆಯೇ. ‘150 ವೈದ್ಯರ ಪಟ್ಟಿ’ ಎನ್ನುವುದು ಓಡಾಟದ ಲೆಕ್ಕ. ‘ಅವರಲ್ಲಿ ನಮ್ಮ ಔಷಧ ನಿಯಮಿತವಾಗಿ ಬರೆಯುವವರು ವರ್ಷದಲ್ಲಿ 70ರಿಂದ 90ಕ್ಕೆ ಏರಿದರು’ ಎನ್ನುವುದು ಫಲದ ಲೆಕ್ಕ. ವೈದ್ಯರ ಹೆಸರುಗಳನ್ನು ಮಾತ್ರ ಬರೆಯಬಾರದು. ಹಳೆಯ ಕಂಪನಿಯ ಗುಟ್ಟು ಬಿಟ್ಟುಕೊಡುವವರು ನಾಳೆ ನಮ್ಮದನ್ನೂ ಬಿಟ್ಟುಕೊಡುತ್ತಾರೆಂದು ಓದುವವರಿಗೆ ಅನಿಸುತ್ತದೆ.

ಇನ್ಸೆಂಟಿವ್ ಸ್ಲಿಪ್ ತೋರಿಸಿ ಎಂದರೆ, ಇಮೇಲ್‌ನ ಅಂಕಿ ಅದಕ್ಕೆ ತಾಳೆಯಾಗಬೇಕು.