“ಹಿಂದಿನದು ಯಾಕೆ ಮುರೀತು?” ಎಂದು ಕೇಳಿದರೆ

ಎರಡನೆಯ ಅಥವಾ ಮೂರನೆಯ ಭೇಟಿಯ ಹೊತ್ತಿಗೆ ಆ ಪ್ರಶ್ನೆ ಬಂದೇ ಬರುತ್ತದೆ. ಆಫೀಸು, ಊರು, ಟ್ರಾಫಿಕ್ಕು ಎಲ್ಲ ಮಾತಾಡಿ ಮುಗಿದಿರುತ್ತದೆ. ಕಾಫಿ ಅರ್ಧ ಆರಿರುತ್ತದೆ. “ಬೇಜಾರಿಲ್ಲ ಅಂದ್ರೆ ಒಂದು ಮಾತು ಕೇಳ್ಲಾ? ಹಿಂದಿನದು ಯಾಕೆ ಮುರೀತು?” ಮೂವತ್ತು ದಾಟಿದ ಮೇಲೆ ಡೇಟಿಂಗ್ ಆ್ಯಪ್‌ನಲ್ಲೋ ಮ್ಯಾಟ್ರಿಮೊನಿಯಲ್ಲೋ ಪರಿಚಯವಾದವರು, ಅದರಲ್ಲೂ ಡೈವೋರ್ಸ್ ಆದವರು, ಇದರಿಂದ ತಪ್ಪಿಸಿಕೊಂಡದ್ದು ಕಡಿಮೆ.

ಇದಕ್ಕೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. “ಸೆಟ್ ಆಗ್ಲಿಲ್ಲ, ಬಿಡಿ” ಎಂಬುದು ಒಂದು. ಇನ್ನೊಂದು, ಕಾಫಿ ಪೂರ್ತಿ ಆರಿ, ಮಾಣಿ ಬಿಲ್ ತಂದಿಟ್ಟರೂ ಮುಗಿಯದ ದೂರು. ಮೊದಲನೆಯದರಿಂದ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಎರಡನೆಯದರಿಂದ ತಿಳಿಯುತ್ತದೆ, ಆದರೆ ಎಕ್ಸ್ ಬಗ್ಗೆ ಅಲ್ಲ, ಹೇಳಿದವರ ಬಗ್ಗೆ.

ಇದು ಬರೀ ಅನುಭವದ ಮಾತಲ್ಲ. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸ್ಕೊವ್ರಾನ್‌ಸ್ಕಿ ಮತ್ತು ಸಂಗಡಿಗರು ಒಂದು ಸಂಶೋಧನೆ ಪ್ರಕಟಿಸಿದರು. ಅವರು ಜನರಿಗೆ ಒಂದು ಫೋಟೊ ತೋರಿಸಿ, ಆ ಫೋಟೊದಲ್ಲಿರುವವರು ತಮಗೆ ಪರಿಚಯವಿರುವ ಬೇರೊಬ್ಬರ ಬಗ್ಗೆ ಹೇಳಿದ ಮಾತು ಎಂದು ಒಂದಿಷ್ಟು ವಾಕ್ಯಗಳನ್ನು ಓದಲು ಕೊಟ್ಟರು. ದಾರಿಗೆ ಅಡ್ಡ ಬಂದ ನಾಯಿಮರಿಯನ್ನು ಆ ಪರಿಚಯದವನು ಒದ್ದ ಎಂಬಂಥ ಮಾತು. ಆಮೇಲೆ ಅದೇ ಫೋಟೊ ತೋರಿಸಿ, ಇವರು ಎಂಥವರು ಅನ್ನಿಸುತ್ತದೆ ಎಂದು ಕೇಳಿದರು. ಒದ್ದವನ ಕ್ರೌರ್ಯ ಸ್ವಲ್ಪಮಟ್ಟಿಗೆ ಹೇಳಿದವರಿಗೇ ಅಂಟಿಕೊಂಡಿತ್ತು. ಓದಿದವರು ತರ್ಕ ಮಾಡಿ ಈ ತೀರ್ಮಾನಕ್ಕೆ ಬಂದದ್ದಲ್ಲ. ಕೇಳಿದ ಗುಣ ಮತ್ತು ಕಂಡ ಮುಖ ನೆನಪಿನಲ್ಲಿ ಒಂದೇ ಕಡೆ ಕೂತುಬಿಡುತ್ತವೆ, ಅಷ್ಟೇ. ಪರಿಣಾಮ ಅಷ್ಟೇನೂ ದೊಡ್ಡದಲ್ಲ. ನಾವೇ ನಾಯಿಮರಿಯನ್ನು ಒದ್ದರೆ ಹುಟ್ಟುವ ಅಭಿಪ್ರಾಯದಷ್ಟು ಗಟ್ಟಿಯಾದದ್ದೂ ಅಲ್ಲ. ಆದರೆ ಹೊಸಬರು ನಮ್ಮ ಬಗ್ಗೆ ಏನೂ ತಿಳಿಯದ ಹೊತ್ತಿನಲ್ಲಿ ಅಷ್ಟೂ ಕಡಿಮೆಯೇನಲ್ಲ.

ಮುಂದೆ ಬೇರೆಯವರು ನಡೆಸಿದ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಯಾರ ಬಗ್ಗೆ ಮಾತೋ ಅವರ ಫೋಟೊವನ್ನೂ ಜೊತೆಗೇ ತೋರಿಸಿದರೆ ಈ ಅಂಟು ಹೆಚ್ಚುಕಡಿಮೆ ಬಿಟ್ಟುಹೋಗುತ್ತದೆ. ಗುಣ ಹೋಗಿ ಸೇರಬೇಕಾದ ಮುಖವನ್ನೇ ಸೇರುತ್ತದೆ. ಡೇಟ್‌ನಲ್ಲಿ ಆ ಅನುಕೂಲ ಇಲ್ಲ. ಎಕ್ಸ್ ಅಲ್ಲಿಲ್ಲ, ಎದುರಿರುವವರು ಅವರನ್ನು ಕಂಡೂ ಇಲ್ಲ. ಮೇಜಿನ ಆಚೆ ಕಾಣುವ ಮುಖ ಒಂದೇ, ಅದು ನಿಮ್ಮದು. “ಸುಳ್ಳ, ಜಿಪುಣ, ಸ್ವಾರ್ಥಿ” ಎಂದು ನೀವು ಉದುರಿಸುವ ವಿಶೇಷಣಗಳಿಗೆಲ್ಲ ಕೂರಲು ಇರುವ ಜಾಗ ಅದೊಂದೇ.

ಒಂದು ಸಂದರ್ಭ ಊಹಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಮೂವತ್ತನಾಲ್ಕರ ಹೆಣ್ಣುಮಗಳು. ನಾಲ್ಕು ವರ್ಷದ ಸಂಸಾರ ಮುರಿದು, ಹೋದ ವರ್ಷ ಡೈವೋರ್ಸ್ ಆಗಿದೆ. ಗಂಡ ಷೇರು ವಹಿವಾಟಿಗೆಂದು ಅವಳಿಗೆ ಹೇಳದೆ ಎರಡು ಸಲ ಸಾಲ ಎತ್ತಿದ್ದ. ಎರಡನೆಯ ಸಲ ಅವಳಿಗೆ ವಿಷಯ ಗೊತ್ತಾದದ್ದು ಸಾಲ ವಸೂಲಿಯವರ ಫೋನಿನಿಂದ. ಮಲ್ಲೇಶ್ವರದ ಒಂದು ಹೋಟೆಲಿನಲ್ಲಿ ಎದುರು ಕೂತವರು ಯಾಕೆ ಎಂದು ಕೇಳಿದಾಗ ಅವಳ ಬಾಯಿಗೆ ಮೊದಲು ಬರುವುದು ಇದು: “ಅವನು ಮೊದಲಿಂದಲೂ ಸುಳ್ಳ. ಜವಾಬ್ದಾರಿನೇ ಇಲ್ಲ. ಅವರಮ್ಮ ಹೇಳಿದ್ದೇ ವೇದವಾಕ್ಯ. ನನ್ನ ನಾಲ್ಕು ವರ್ಷ ಹಾಳು ಮಾಡ್ದ. ನೀವೇ ಹೇಳಿ, ಯಾರಾದ್ರೂ ಸಹಿಸ್ತಾರಾ?”

ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೆ ಕೇಳಿದವರಿಗೆ ಸಾಲದ ವಿಷಯ ತಿಳಿಯಲೇ ಇಲ್ಲ, ಗಮನಿಸಿ. ಏನು ನಡೆಯಿತು ಎಂಬುದರ ಬದಲು ಅವನು ಎಂಥವನು ಎಂಬುದು ಬಂತು. ಕೊನೆಯ ಪ್ರಶ್ನೆಯಂತೂ ಎದುರಿನವರನ್ನು ನೇರ ಜಡ್ಜ್ ಕುರ್ಚಿಗೆ ಏರಿಸಿತು. ಅವರು ಹೂಂ ಅಂದರೆ ಕಂಡರಿಯದವನ ಮೇಲೆ ತೀರ್ಪು ಕೊಟ್ಟಂತೆ, ಉಹೂಂ ಅಂದರೆ ಇವಳ ಜೊತೆ ಜಗಳ. ಪಾಪ, ಅವರು ಬಂದದ್ದು ದೋಸೆ ತಿನ್ನಲು.

ಅದೇ ಸಂಗತಿಯನ್ನು ಅವಳು ಹೀಗೂ ಹೇಳಬಹುದು: “ನಾಲ್ಕು ವರ್ಷ ಜೊತೆಗಿದ್ವಿ. ನನಗೆ ಗೊತ್ತಿಲ್ಲದ ಹಾಗೆ ಅವರು ಎರಡು ಸಲ ಸಾಲ ಮಾಡಿದ್ರು. ಎರಡನೇ ಸಲ ಆದ್ಮೇಲೆ ನನಗೆ ಮತ್ತೆ ನಂಬಿಕೆ ಬರಲೇ ಇಲ್ಲ. ನಾನೂ ಅವರ ಫೋನು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಕದ್ದು ನೋಡೋಕೆ ಶುರು ಮಾಡಿದ್ದೆ. ಹಾಗೆ ಬದುಕೋದು ಇಬ್ಬರಿಗೂ ಆಗ್ಲಿಲ್ಲ. ಹೋದ ವರ್ಷ ಇಬ್ಬರೂ ಒಪ್ಪಿ ಡೈವೋರ್ಸ್ ತಗೊಂಡ್ವಿ. ಅದಕ್ಕೇ ದುಡ್ಡಿನ ವಿಷಯ ಮೊದಲೇ ಬಿಚ್ಚಿ ಮಾತಾಡೋದು ನನಗೆ ಮುಖ್ಯ. ನೀವು ಹೇಗೆ?”

ಗಂಡನ ತಪ್ಪನ್ನು ಇಲ್ಲಿ ಮುಚ್ಚಿಲ್ಲ. ಮೊದಲ ಉತ್ತರಕ್ಕಿಂತ ಇದರಲ್ಲೇ ಅದು ಸ್ಪಷ್ಟವಾಗಿದೆ. ‘ಸುಳ್ಳ’ ಅನ್ನುವುದು ಅವಳ ಅಭಿಪ್ರಾಯ. ‘ಎರಡು ಸಲ ಹೇಳದೆ ಸಾಲ ಮಾಡಿದರು’ ಅನ್ನುವುದು ನಡೆದದ್ದು. ನಡೆದದ್ದನ್ನು ಹೇಳಿದರೆ ಕೇಳುವವರು ತಮ್ಮದೇ ತೀರ್ಮಾನಕ್ಕೆ ಬರಬಹುದು, ಹಾಗೆ ಬಂದ ತೀರ್ಮಾನ ಸಾಮಾನ್ಯವಾಗಿ ಹೇಳಿದವರ ಪರವಾಗಿಯೇ ಇರುತ್ತದೆ. ಫೋನ್ ನೋಡಿದ ಮಾತು ಕೂಡ ಶಿಷ್ಟಾಚಾರಕ್ಕೆ ಸೇರಿಸಿದ್ದಲ್ಲ. ಅನುಮಾನ ಹೊಕ್ಕ ಮೇಲೆ ತಾನು ಹೇಗೆ ನಡೆದುಕೊಳ್ಳುತ್ತೇನೆ ಎಂಬುದನ್ನು ಅದು ಮುಂದಿನವರಿಗೆ ತಿಳಿಸುತ್ತದೆ, ಅವರಿಗೆ ನಿಜವಾಗಿ ಬೇಕಾಗಿರುವುದೂ ಅದೇ. ಇಷ್ಟನ್ನು ಹೇಳಲು ಒಂದು ನಿಮಿಷ ಸಾಕು. ಹೆಚ್ಚು ಬೇಕಿದ್ದರೆ ಅವರೇ ಕೇಳುತ್ತಾರೆ.

ಅವಳು ಹೇಳದೆ ಬಿಟ್ಟದ್ದರಲ್ಲೂ ಲೆಕ್ಕವಿದೆ. ಸಾಲ ಎಷ್ಟು, ಯಾವ ಬ್ಯಾಂಕಿನದು, ಅವರಮ್ಮ ಏನಂದರು ಎಂಬುದು ಬಂದಿಲ್ಲ. ಎಕ್ಸ್‌ನ ಕಾಯಿಲೆ, ಮಕ್ಕಳಾಗದ್ದರ ವೈದ್ಯಕೀಯ ಕಾರಣ, ಮಾನಸಿಕ ಚಿಕಿತ್ಸೆ, ಮಲಗುವ ಕೋಣೆಯ ವಿಚಾರ, ಇವೆಲ್ಲ ಸಂಸಾರದಲ್ಲಿದ್ದಾಗ ನಂಬಿಕೆಯಿಂದ ತಿಳಿದ ಸಂಗತಿಗಳು. ಪ್ರಾಮಾಣಿಕತೆಯ ಹೆಸರಿನಲ್ಲಿ ಅವನ್ನು ಮೂರನೆಯವರ ಮುಂದೆ ಹರವಿದರೆ, ಕೇಳುವವರ ತಲೆಯಲ್ಲಿ ಓಡುವ ಯೋಚನೆ ಒಂದೇ: ನಾಳೆ ನನ್ನದೂ ಹೀಗೇ ಇನ್ಯಾರದೋ ಕಾಫಿಯ ಜೊತೆಗೆ ಬರುತ್ತದೆ. ತನ್ನ ಕತೆಯನ್ನು ಪೂರ್ತಿ ಹೇಳಿಕೊಳ್ಳುವ ಹಕ್ಕು ನಮಗಿದೆ, ಇನ್ನೊಬ್ಬರ ಗುಟ್ಟನ್ನು ಹೇಳುವ ಹಕ್ಕಿಲ್ಲ.

ತನ್ನ ಪಾಲನ್ನೂ ಹೇಳು ಎಂಬ ಸಲಹೆಗೆ ಒಂದು ಗಡಿ ಇದೆ. ಅದನ್ನು ಮರೆತವರು ಈ ವಿಷಯದಲ್ಲಿ ಬಹಳ ಅನ್ಯಾಯದ ಮಾತಾಡುತ್ತಾರೆ. ಹೊಡೆತ, ಬೆದರಿಕೆ, ವರದಕ್ಷಿಣೆಯ ಹಿಂಸೆ ಕಂಡು ಹೊರಬಂದವರಿಗೆ ‘ಎರಡು ಕೈ ಸೇರಿದರೇ ಚಪ್ಪಾಳೆ’ ಎಂಬ ಗಾದೆ ಹೇಳಬಾರದು. ಅವರು ಸಮತೋಲನ ತೋರಿಸಲೆಂದು ಇಲ್ಲದ ತಪ್ಪನ್ನು ಹೊತ್ತುಕೊಳ್ಳಬೇಕಾಗಿಲ್ಲ. “ಆ ಮನೇಲಿ ನನಗೆ ಪೆಟ್ಟು ಬೀಳ್ತಿತ್ತು, ಹೊರಗೆ ಬಂದೆ. ಸದ್ಯಕ್ಕೆ ಇಷ್ಟು ಸಾಕು, ಮುಂದೆ ಯಾವಾಗಲಾದ್ರೂ ಹೇಳ್ತೀನಿ.” ಇದು ದೂರಲ್ಲ, ನಡೆದದ್ದು. ಎದುರಿನವರು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ ನೋಡಿಕೊಳ್ಳಿ. “ನೀವು ಏನು ಮಾಡಿದ್ರಿ ಅದಕ್ಕೆ?” ಎಂದು ಕೇಳುವವರ ಜೊತೆ ಮುಂದಿನ ಭೇಟಿ ಬೇಕಾಗಿಲ್ಲ.

ಇನ್ನೂ ಸಿದ್ಧವಾಗಿಲ್ಲ ಎಂಬುದು ಗೊತ್ತಾಗುವುದು ಹೇಗೆ? ಹತ್ತಿರದ ಗೆಳತಿಯ ಮುಂದೆಯೋ ಅಣ್ಣನ ಮುಂದೆಯೋ ಉತ್ತರವನ್ನು ಒಮ್ಮೆ ಬಾಯಿಬಿಟ್ಟು ಹೇಳಿನೋಡಿ. ಗಟ್ಟಿಯಾಗಿ ಹೇಳುವಾಗ ಧ್ವನಿ ಎಲ್ಲಿ ಏರುತ್ತದೆ ಎಂಬುದು ಕೇಳುವವರಿಗೆ ತಕ್ಷಣ ತಿಳಿಯುತ್ತದೆ. ಒಂದು ನಿಮಿಷದ ಉತ್ತರ ಪ್ರತಿ ಸಲ ಹತ್ತು ನಿಮಿಷಕ್ಕೆ ಹೋಗುತ್ತಿದ್ದರೆ, ಕೊನೆಗೆ “ನೀವೇ ಹೇಳಿ” ಬಂದೇ ಬರುತ್ತಿದ್ದರೆ, ಆ ಮಾತುಗಳಿಗೆ ಸರಿಯಾದ ಜಾಗ ಗೆಳತಿಯ ಮನೆ ಅಥವಾ ಆಪ್ತಸಮಾಲೋಚಕರ ಕೋಣೆ. ಕೋಪ ಇರುವುದು ತಪ್ಪಲ್ಲ. ಅದನ್ನು ಆಲಿಸುವ ಕೆಲಸ ಮೊನ್ನೆ ಪರಿಚಯವಾದವರದಲ್ಲ, ಅಷ್ಟೇ. ಪ್ರಶ್ನೆ ಬಂದುಬಿಟ್ಟರೆ “ಅದರ ಬಗ್ಗೆ ನೆಟ್ಟಗೆ ಮಾತಾಡೋಕೆ ನನಗಿನ್ನೂ ಆಗ್ತಿಲ್ಲ” ಎನ್ನುವುದೂ ಪ್ರಾಮಾಣಿಕ ಉತ್ತರವೇ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಮ್ಯಾಟ್ರಿಮೊನಿಯ ಮೂಲಕ ಬಂದ ಸಂಬಂಧವಾದರೆ, ನೀವು ಕಾಫಿ ಕುಡಿಯುವ ಮೊದಲೇ ನಿಮ್ಮ ಕತೆ ಹೋಗಿ ತಲುಪಿರುತ್ತದೆ. ಅಮ್ಮ ಫೋನಿನಲ್ಲಿ “ನಮ್ಮ ಹುಡುಗಿ ಚಿನ್ನ, ಆ ಮನೆಯವರೇ ಸರಿ ಇರಲಿಲ್ಲ” ಅಂದಿರುತ್ತಾರೆ. ಹುಡುಗನ ಕಡೆಯ ಚಿಕ್ಕಮ್ಮ ಬೇರೆ ಯಾರನ್ನೋ ವಿಚಾರಿಸಿ ಇನ್ನೊಂದು ಕತೆ ತಂದಿರುತ್ತಾರೆ. ಎರಡೂ ಕತೆ ಕೇಳಿ ಬಂದವರ ಎದುರು ನಿಮ್ಮದು ಮೂರನೆಯದು. ಆದ್ದರಿಂದ ನೀವು ಹೇಳಲಿರುವ ಆ ನಾಲ್ಕು ವಾಕ್ಯಗಳನ್ನು ಮನೆಯವರಿಗೂ ಮೊದಲೇ ಹೇಳಿಕೊಡಿ. “ಅಮ್ಮಾ, ಯಾರಾದ್ರೂ ಕೇಳಿದ್ರೆ ಇಷ್ಟೇ ಹೇಳು, ಅವರನ್ನ ಬಯ್ಯಬೇಡ.” ಅಮ್ಮ ಒಪ್ಪುವುದು ಸುಲಭವಲ್ಲ, ಮಗಳ ಸಂಕಟ ನೋಡಿದವರು ಅವರು.

ಏನಾಯಿತು ಎಂಬುದನ್ನು ಯಾವಾಗ, ಎಷ್ಟು ಹೇಳಬೇಕು ಎಂಬುದು ನಿಮ್ಮ ಇಷ್ಟ. ಈಗ ಸ್ಥಿತಿ ಏನು ಎಂಬುದು ಹಾಗಲ್ಲ. ಮಗು ಇದೆಯೇ, ಜೀವನಾಂಶ ಕೊಡಬೇಕೇ, ಕೇಸು ನಡೆಯುತ್ತಿದೆಯೇ, ಇವನ್ನು ಮೂರನೆಯ ಭೇಟಿಯವರೆಗೆ ಎಳೆಯಬಾರದು. ‘ಡೈವೋರ್ಸ್ ಆಗಿದೆ’ ಎಂಬ ಮಾತನ್ನು ನಮ್ಮ ಜನ ಸಡಿಲವಾಗಿ ಬಳಸುತ್ತಾರೆ. ಬೇರೆ ಮನೆ ಮಾಡಿದ್ದಕ್ಕೂ ಡೈವೋರ್ಸ್ ಎನ್ನುತ್ತಾರೆ, ಅರ್ಜಿ ಹಾಕಿದ್ದಕ್ಕೂ ಎನ್ನುತ್ತಾರೆ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಬೇಕಾದರೇ ಒಂದು ವರ್ಷ ಬೇರೆಯಾಗಿ ಬದುಕಿರಬೇಕು. ಅರ್ಜಿಯ ನಂತರ ಮತ್ತೆ ಆರು ತಿಂಗಳ ಕಾಯುವಿಕೆ ಇದೆ. ಸೂಕ್ತ ಪ್ರಕರಣಗಳಲ್ಲಿ ಕೋರ್ಟ್ ಈ ಆರು ತಿಂಗಳನ್ನು ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಡಿಕ್ರಿ ಆಗುವವರೆಗೆ ನೀವು ಕಾನೂನಿನ ಕಣ್ಣಿಗೆ ವಿವಾಹಿತರೇ. ಹಿಂದಿನ ಮದುವೆಯನ್ನು ಬಚ್ಚಿಟ್ಟು ಮತ್ತೊಂದು ಮದುವೆಯಾದರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಡಿಕ್ರಿ ಆಗಿದ್ದರೂ ಹಿಂದಿನ ಮದುವೆಯಂಥ ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಒಪ್ಪಿಗೆ ಪಡೆದಿದ್ದರೆ, ವಿಷಯ ತಿಳಿದ ಒಂದು ವರ್ಷದೊಳಗೆ ಆ ಮದುವೆಯನ್ನು ರದ್ದು ಮಾಡಿ ಎಂದು ಕೋರ್ಟಿಗೆ ಹೋಗುವ ಹಾದಿ ಎದುರಿನವರಿಗೆ ತೆರೆದಿರುತ್ತದೆ.

ಹಾಗಾಗಿ ನಿಮ್ಮ ಡಿಕ್ರಿ ಇನ್ನೂ ಆಗಿಲ್ಲವಾದರೆ ಅದನ್ನು ಮೊದಲ ಭೇಟಿಗೂ ಮುಂಚೆ, ಫೋನಿನಲ್ಲೇ ಹೇಳಿಬಿಡಿ. ಬರುವುದೋ ಬೇಡವೋ ಎಂದು ಅವರು ತೀರ್ಮಾನಿಸಲಿ.