ಕರಾರುಪತ್ರ ಅನುವಾದದ ಸಮಾನ ಪದಪಟ್ಟಿ

ಛಾಯಾಚಿತ್ರಗಳ ರೂಪದಲ್ಲಿರುವ ಒಂದೇ ಕರಾರುಪತ್ರದ ಅನೇಕ ಪುಟಗಳನ್ನು ಅನುವಾದಿಸುವಾಗ, ಪ್ರತಿಯೊಂದು ಪಾರಿಭಾಷಿಕ ಪದಕ್ಕೂ ಆದಿಯಿಂದ ಅಂತ್ಯದವರೆಗೆ ಒಂದೇ ಕನ್ನಡ ಪದ ಬರುವಂತೆ ಸಿದ್ಧಪಡಿಸುವ ಪಟ್ಟಿಯನ್ನು ಸಮಾನ ಪದಪಟ್ಟಿ ಎನ್ನಬಹುದು. ಪುಟಗಳನ್ನು ಹಲವರು ಹಂಚಿಕೊಂಡು ಅನುವಾದಿಸುವಾಗ ಇದು ಅನಿವಾರ್ಯವಾಗುತ್ತದೆ.

ಅಂಗಡಿ ಮಳಿಗೆಯೊಂದರ ಇಂಗ್ಲಿಷ್ ಲೀಸ್ ಪತ್ರವನ್ನು ಉದಾಹರಣೆಯಾಗಿ ನೋಡಬಹುದು. 3ನೆಯ ಪುಟದ ಅನುವಾದಕರು ‘ಲೆಸ್ಸೀ’ ಎಂಬುದನ್ನು ‘ಗುತ್ತಿಗೆದಾರ’ ಎಂದು ಬರೆಯುತ್ತಾರೆ. 17ನೆಯ ಪುಟವನ್ನು ಮಾತ್ರ ಕಂಡ ಇನ್ನೊಬ್ಬರು, ದುರಸ್ತಿ ಕೆಲಸ ವಹಿಸಿಕೊಂಡ ‘ಕಂಟ್ರಾಕ್ಟರ್’ನನ್ನೂ ‘ಗುತ್ತಿಗೆದಾರ’ ಎಂದೇ ಬರೆಯುತ್ತಾರೆ. ಬಿಡಿಯಾಗಿ ನೋಡಿದರೆ ಎರಡೂ ಸರಿ. ಕನ್ನಡದಲ್ಲಿ ಆ ಪದಕ್ಕೆ ಎರಡೂ ಅರ್ಥಗಳಿವೆ. ಆದರೆ ಪುಟಗಳನ್ನು ಜೋಡಿಸಿದಾಗ ‘ದುರಸ್ತಿಯ ವೇಳೆ ಆದ ಹಾನಿಯನ್ನು ಗುತ್ತಿಗೆದಾರನು ಭರಿಸತಕ್ಕದ್ದು’ ಎಂಬ ವಾಕ್ಯವು ಕಂಟ್ರಾಕ್ಟರನ ಹೊಣೆಯನ್ನು ಮಳಿಗೆ ಹಿಡಿದವನ ತಲೆಗೆ ಕಟ್ಟುತ್ತದೆ. ಆದ್ದರಿಂದ ಪಟ್ಟಿಯಲ್ಲಿ ‘ಗುತ್ತಿಗೆದಾರ’ ಎಂಬುದನ್ನು ಲೆಸ್ಸೀಗೆ ಮೀಸಲಿಟ್ಟು, ಇನ್ನೊಬ್ಬನನ್ನು ‘ಕಂಟ್ರಾಕ್ಟರ್’ ಎಂದೇ ಉಳಿಸುವುದು ಲೇಸು.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 105ನೆಯ ಪ್ರಕರಣದಲ್ಲಿ ‘ಪ್ರೀಮಿಯಂ’ ಎಂದರೆ ಲೀಸಿಗಾಗಿ ಕೊಡುವ ಬೆಲೆ. ಅದೇ ಪತ್ರದ ವಿಮೆಯ ಕಲಮಿನಲ್ಲಿ ಅದು ವಿಮಾ ಕಂತು. ಪದದ ಜೊತೆಗೆ ಕಲಮಿನ ಸಂಖ್ಯೆಯನ್ನೂ ಪುಟಸಂಖ್ಯೆಯನ್ನೂ ಪಟ್ಟಿಯಲ್ಲಿ ನಮೂದಿಸಬೇಕಾದ ಕಾರಣ ಇದೇ.

ರಚನೆ

ಮೊದಲು ಚಿತ್ರಗಳನ್ನು ತೆಗೆದ ಕ್ರಮದಲ್ಲಿ ನಂಬದೆ, ಪುಟಸಂಖ್ಯೆ ಮತ್ತು ಕಲಮಿನ ಸಂಖ್ಯೆಗಳ ಪ್ರಕಾರ ಜೋಡಿಸಲಾಗುತ್ತದೆ. ಅಂಚು ಕತ್ತರಿಸಿಹೋದ ಅಥವಾ ಬೆಳಕು ಹೊಳೆದು ಅಕ್ಷರ ಮಾಸಿದ ಪುಟವನ್ನು ಊಹಿಸಿ ಓದದೆ ಮತ್ತೆ ಚಿತ್ರ ತೆಗೆಸಬೇಕು. ಬಳಿಕ ಒಬ್ಬರೇ ಇಡೀ ಪತ್ರವನ್ನು ಓದಿ ಪದಗಳನ್ನು ಆಯುತ್ತಾರೆ. ವ್ಯಾಖ್ಯೆಗಳ ಕಲಮು ಸಾಮಾನ್ಯವಾಗಿ ಆರಂಭದಲ್ಲಿದ್ದರೂ, ಕೆಲವು ವ್ಯಾಖ್ಯೆಗಳು ನಡುವಿನ ವಾಕ್ಯಗಳಲ್ಲೋ ಕೊನೆಯ ಅನುಸೂಚಿಯಲ್ಲೋ ಅಡಗಿರುತ್ತವೆ.

ಇಂಗ್ಲಿಷ್ ಪತ್ರಗಳಲ್ಲಿ ವ್ಯಾಖ್ಯಾನಿತ ಪದವನ್ನು ಸಾಮಾನ್ಯವಾಗಿ ದೊಡ್ಡಕ್ಷರದಿಂದ ಆರಂಭಿಸುತ್ತಾರೆ. ಕನ್ನಡ ಲಿಪಿಯಲ್ಲಿ ಆ ಭೇದವಿಲ್ಲ. ಹೀಗಾಗಿ ಈ ಪತ್ರಕ್ಕೆ ಸಂಬಂಧಿಸಿದ ನಿರ್ದಿಷ್ಟ ಮಳಿಗೆಯನ್ನು ‘ಸದರಿ ಸ್ವತ್ತು’ ಎಂದೂ, ಸಾಮಾನ್ಯಾರ್ಥದಲ್ಲಿ ಬಂದುದನ್ನು ಬರಿದೆ ‘ಸ್ವತ್ತು’ ಎಂದೂ ಬರೆಯುವುದೆಂದು ಪಟ್ಟಿಯಲ್ಲೇ ನಿಗದಿಪಡಿಸಬೇಕಾಗುತ್ತದೆ.

ಪರಿಶೀಲನೆ

ಮೂಲದಲ್ಲಿ ಒಂದು ಪದ ಬಂದ ಕಡೆಗಳನ್ನು ಪುಟವಾರು ಎಣಿಸಿ, ಅನುವಾದದ ಎಣಿಕೆಯೊಂದಿಗೆ ಹೋಲಿಸಲಾಗುತ್ತದೆ. ಗಣಕದಲ್ಲಿ ‘ಸ್ವತ್ತು’ ಎಂದು ಹುಡುಕಿದರೆ ‘ಸ್ವತ್ತಿನ’, ‘ಸ್ವತ್ತಿಗೆ’ ಎಂಬ ರೂಪಗಳು ಸಿಗುವುದಿಲ್ಲವಾದ್ದರಿಂದ ವಿಭಕ್ತಿರೂಪಗಳನ್ನೂ ಹುಡುಕಬೇಕು. ಸರ್ವನಾಮ ಬಳಸಿದ ಕಡೆ ಎಣಿಕೆ ಸಹಜವಾಗಿಯೇ ಕಡಿಮೆಯಾಗುತ್ತದೆ. ಮೂಲಕ್ಕಿಂತ ಹೆಚ್ಚಾದರೆ ಮಾತ್ರ ಎರಡು ಮೂಲಪದಗಳು ಒಂದೇ ಕನ್ನಡ ಪದದಲ್ಲಿ ಬೆರೆತಿರುವ ಸಂಶಯ ಬಲವಾಗುತ್ತದೆ. ನಡುವೆ ಪಟ್ಟಿಯ ಪದವೊಂದನ್ನು ಬದಲಿಸಿದಲ್ಲಿ, ಅಷ್ಟರಲ್ಲಿ ಮುಗಿದ ಪುಟಗಳನ್ನೂ ಅದರಂತೆ ತಿದ್ದಿ, ಬದಲಾವಣೆಯ ದಿನಾಂಕವನ್ನು ಪಟ್ಟಿಯಲ್ಲಿ ಬರೆದಿಡಲಾಗುತ್ತದೆ.