ಐದು ಮನೆ ನೋಡಿದ ಮೇಲೆ ಬ್ರೋಕರ್‌ಗೆ ಏನು ಬರೆಯಬೇಕು?

ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೆ ಬ್ರೋಕರ್ ಜೊತೆ ಸುತ್ತಿ ನಾಲ್ಕೈದು ಫ್ಲ್ಯಾಟ್ ನೋಡಿ ಬಂದವರಿಗೆ ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತದೆ: "ಸರ್, ಯಾವ ಮನೆ ಇಷ್ಟವಾಯಿತು?" ಹೆಚ್ಚಿನವರು ಆಗ ಕೊಡುವ ಉತ್ತರ ಒಂದೇ. ಎರಡನೆಯದು ಚೆನ್ನಾಗಿತ್ತು, ಆದರೆ ಸ್ವಲ್ಪ ದುಬಾರಿ, ಮನೆಯಲ್ಲಿ ಮಾತಾಡಿ ಹೇಳುತ್ತೇವೆ. ಮುಂದಿನ ಭಾನುವಾರ ಬ್ರೋಕರ್ ತೋರಿಸುವ ಮನೆಗಳು ಇನ್ನೂ ದುಬಾರಿಯಾಗಿರುತ್ತವೆ. "ಸ್ವಲ್ಪ ದುಬಾರಿ" ಎಂಬ ಮಾತನ್ನು ಅವರು ಕೇಳಿಸಿಕೊಳ್ಳುವ ರೀತಿಯೇ ಬೇರೆ. ಇನ್ನೂ ಐದಾರು ಲಕ್ಷ ಏರಿಸಬಲ್ಲ ಗಿರಾಕಿ ಎಂದೇ ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ.

ಫೋನಿನಲ್ಲಿ ಹೇಳುವ ಬದಲು ಅದೇ ರಾತ್ರಿ ಒಂದು ಇಮೇಲ್ ಬರೆಯುವುದು ಒಳ್ಳೆಯದು. ಬರೆಯುವಾಗ ಒಂದು ಸಂಗತಿ ನೆನಪಿರಲಿ: ಈ ಪತ್ರವನ್ನು ಬ್ರೋಕರ್ ಮಾತ್ರ ಓದುವುದಿಲ್ಲ. ಬೆಂಗಳೂರಿನ ಹಳೆಯ ಫ್ಲ್ಯಾಟ್ ಮಾರಾಟದಲ್ಲಿ ಒಬ್ಬನೇ ಬ್ರೋಕರ್ ಎರಡೂ ಕಡೆಯಿಂದ ಕಮಿಷನ್ ಪಡೆಯುವುದು ಸಾಮಾನ್ಯ. ಇಬ್ಬರು ಬ್ರೋಕರ್‌ಗಳಿದ್ದರೂ ಅವರ ನಡುವೆ ಮಾತು ನಡೆದೇ ಇರುತ್ತದೆ. ನೀವು ಬರೆದದ್ದು ಇಂದಲ್ಲ ನಾಳೆ ಮನೆ ಮಾಲೀಕನಿಗೆ ತಲುಪುತ್ತದೆ. ಹಾಗಾಗಿ ಮಾಲೀಕ ಓದಿದರೂ ನಿಮಗೆ ನಷ್ಟವಾಗದ ಪತ್ರ ಬರೆಯಬೇಕು. "ನಮ್ಮವಳಿಗೆ ಆ ಅಡುಗೆಮನೆ ಬಹಳ ಹಿಡಿಸಿದೆ", "ಮೇ ತಿಂಗಳೊಳಗೆ ಈಗಿನ ಬಾಡಿಗೆ ಮನೆ ಖಾಲಿ ಮಾಡಲೇಬೇಕು" ಎಂಬ ಎರಡು ವಾಕ್ಯ ಸಾಕು, ಚೌಕಾಶಿಗೆ ಮೊದಲೇ ನೀವು ಸೋತಿರುತ್ತೀರಿ.

ಒಂದು ಕುಟುಂಬದ ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದಾರೆ, ಜೊತೆಗೆ ವಯಸ್ಸಾದ ಅತ್ತೆ, ಶಾಲೆಗೆ ಹೋಗುವ ಮಗಳು. ದಕ್ಷಿಣ ಬೆಂಗಳೂರಿನಲ್ಲಿ ಎರಡು ಮಲಗುವ ಕೋಣೆಯ ಮನೆ ಬೇಕು. ಸ್ವಂತ ಉಳಿತಾಯ 30 ಲಕ್ಷ, ಬ್ಯಾಂಕ್ ಮೌಖಿಕವಾಗಿ ಒಪ್ಪಿರುವ ಸಾಲ 65 ಲಕ್ಷ. ಕೂಡಿದರೆ 95 ಲಕ್ಷ. ಬ್ರೋಕರ್ ಮೊದಲ ದಿನ ಬಜೆಟ್ ಕೇಳಿದಾಗ ಇವರು ಹೇಳಿದ್ದೂ ಇದೇ ಸಂಖ್ಯೆ, ಆತ ತೋರಿಸಿದ್ದೂ 95ರ ಆಸುಪಾಸಿನ ಮನೆಗಳನ್ನೇ. ತೊಂದರೆ ಇಲ್ಲಿಂದಲೇ ಶುರು.

ಏಕೆಂದರೆ 95 ಲಕ್ಷ ಇದ್ದವರು 95 ಲಕ್ಷದ ಮನೆ ಕೊಳ್ಳಲಾರರು. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ. ಒಟ್ಟು ಶೇ 7.6. ಕ್ರಯದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ದರ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಇದನ್ನು ಕಟ್ಟಬೇಕು. ಇಷ್ಟು ದೊಡ್ಡ ಮನೆಗಳ ಸಾಲದ ಲೆಕ್ಕದಲ್ಲಿ ಈ ಶುಲ್ಕ ಸೇರುವುದಿಲ್ಲ, ಪೂರ್ತಿ ಸ್ವಂತ ಕೈಯಿಂದಲೇ ಹೋಗಬೇಕು.

ಈಗ 85 ಲಕ್ಷದ ಮನೆಯ ಲೆಕ್ಕ ಹಾಕಿ. ಮುದ್ರಾಂಕ ಮತ್ತು ನೋಂದಣಿಗೆ 6.46 ಲಕ್ಷ. ಬ್ರೋಕರ್ ಕಮಿಷನ್ ಶೇ 1 ಎಂದರೂ 85 ಸಾವಿರ. ಬ್ಯಾಂಕ್ ಶುಲ್ಕ, ವಕೀಲರ ಅಭಿಪ್ರಾಯ, ಪತ್ರ ಬರೆಸುವ ಖರ್ಚಿಗೆ 50 ಸಾವಿರ ಇಟ್ಟುಕೊಳ್ಳಿ. ಹಳೆಯ ಮನೆಗೆ ಸುಣ್ಣಬಣ್ಣ, ನಲ್ಲಿ ರಿಪೇರಿ, ಸಾಮಾನು ಸಾಗಿಸುವುದು ಎಲ್ಲ ಸೇರಿ 2 ಲಕ್ಷ. ಒಟ್ಟು 94.81 ಲಕ್ಷ. ಅಂದರೆ ಈ ಕುಟುಂಬದ ನಿಜವಾದ ಮಿತಿ 85, ಅದರಾಚೆ ಒಂದು ಲಕ್ಷವೂ ಇಲ್ಲ.

ಅದೂ ಬ್ಯಾಂಕ್ ಪೂರ್ತಿ 65 ಲಕ್ಷ ಕೊಟ್ಟರೆ ಮಾತ್ರ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಆಸ್ತಿ ಮೌಲ್ಯದ ಶೇ 80ಕ್ಕಿಂತ ಹೆಚ್ಚು ಕೊಡಬಾರದೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಬ್ಯಾಂಕಿನ ಮೌಲ್ಯಮಾಪಕ ಬಂದು ಹಳೆಯ ಕಟ್ಟಡವನ್ನು 78 ಲಕ್ಷ ಎಂದು ಬರೆದುಕೊಟ್ಟರೆ ಸಾಲ 62.4 ಲಕ್ಷಕ್ಕೆ ಇಳಿಯುತ್ತದೆ. ಉಳಿದ 2.6 ಲಕ್ಷವನ್ನು ಕೈಸಾಲ ಮಾಡಿ ತರಬೇಕಾಗುತ್ತದೆ. ಹೀಗಾಗಿ ಇವರು ಪತ್ರದಲ್ಲಿ 85 ಎಂದು ಬರೆಯದೆ 82 ಎಂದು ಬರೆಯುವುದು ಸರಿ. ಅದರಲ್ಲಿ ಮೋಸವೇನಿಲ್ಲ. ಎಷ್ಟಕ್ಕೆ ಕೊಳ್ಳಲು ಬಯಸುತ್ತೇವೆ ಎಂದು ಹೇಳುವುದು ಒಂದು, ಕೊನೆಯ ರೂಪಾಯಿವರೆಗೆ ಎಷ್ಟಿದೆ ಎಂದು ಬಿಚ್ಚಿಡುವುದು ಇನ್ನೊಂದು. ಎರಡನೆಯದನ್ನು ಕೇಳುವ ಹಕ್ಕು ಬ್ರೋಕರ್‌ಗಿಲ್ಲ.

ಇನ್ನು ಮನೆಗಳ ಬಗ್ಗೆ ಬರೆಯುವುದು. ಬೇಡವಾದ ಮನೆಗೆ ಒಂದೇ ಕಾರಣ ಕೊಡಿ, ಅದು ಬದಲಾಯಿಸಲಾಗದ ಕಾರಣವಾಗಿರಲಿ. ಬಣ್ಣ ಮಾಸಿದೆ, ಬಚ್ಚಲಿನ ಟೈಲ್ಸ್ ಹಳತಾಗಿದೆ ಎಂದರೆ ಮಾಲೀಕ ಸರಿಮಾಡಿಸಿಕೊಡುತ್ತಾನೆ ಎಂಬ ಉತ್ತರ ಬರುತ್ತದೆ, ಬೇಡದ ಮನೆಯ ಮಾತು ಇನ್ನೊಂದು ವಾರ ಬೆಳೆಯುತ್ತದೆ. ಲಿಫ್ಟ್ ಇಲ್ಲ, ಬಿ ಖಾತಾ ಎಂಬ ಕಾರಣಗಳಿಗೆ ಮರುಮಾತಿಲ್ಲ. ಮಾತ್ರವಲ್ಲ, ಅದೇ ಕೊರತೆಯಿರುವ ಬೇರೆ ಮನೆಗಳೂ ಬ್ರೋಕರ್ ಪಟ್ಟಿಯಿಂದ ತಾವಾಗಿಯೇ ಬಿದ್ದುಹೋಗುತ್ತವೆ.

ಉಳಿಸಿಕೊಂಡ ಮನೆಗಳ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ. ಹೊಗಳಿಕೆ ಬೇಡ, ಪ್ರಶ್ನೆ ಮಾತ್ರ ಇರಲಿ. ಈ ಕುಟುಂಬಕ್ಕೆ ಉಳಿದದ್ದು ಎರಡು. ಉತ್ತರಹಳ್ಳಿಯ ಮನೆಗೆ ಮಾಲೀಕ ಹೇಳುವ ಬೆಲೆ 86 ಲಕ್ಷ, ವಿಸ್ತೀರ್ಣ 1,150 ಚದರಡಿ. ವಾಜರಹಳ್ಳಿ ಮೆಟ್ರೊ ನಿಲ್ದಾಣದ ಬಳಿಯ ಮನೆಗೆ 89 ಲಕ್ಷ, ವಿಸ್ತೀರ್ಣ 1,220 ಚದರಡಿ. ಚದರಡಿಗೆ ಭಾಗಿಸಿದರೆ ಮೊದಲನೆಯದು 7,478 ರೂಪಾಯಿ, ಎರಡನೆಯದು 7,295. ವಾಜರಹಳ್ಳಿಯೇ ಅಗ್ಗ ಅನ್ನಿಸುತ್ತದೆ. ಆದರೆ ಈ ಅಳತೆ ಸೂಪರ್ ಬಿಲ್ಟ್‌ಅಪ್. ಮೆಟ್ಟಿಲು, ಲಿಫ್ಟ್, ಮೊಗಸಾಲೆಯ ಪಾಲೂ ಅದರಲ್ಲಿ ಸೇರಿದೆ. ಮನೆ ನೋಡಲು ಹೋದಾಗ ಟೇಪ್ ಹಿಡಿದು ಹಾಲ್, ಕೋಣೆ, ಅಡುಗೆಮನೆ, ಬಚ್ಚಲುಗಳನ್ನು ಗೋಡೆಯಿಂದ ಗೋಡೆಗೆ ಅಳೆದು ಕೂಡಿದರೆ ಉತ್ತರಹಳ್ಳಿಯಲ್ಲಿ ಸಿಕ್ಕಿದ್ದು 840 ಚದರಡಿ, ವಾಜರಹಳ್ಳಿಯಲ್ಲಿ 820. ಒಳಗೆ ಕಾಲಿಡುವ ಜಾಗದ ಲೆಕ್ಕದಲ್ಲಿ ಉತ್ತರಹಳ್ಳಿ ಚದರಡಿಗೆ 10,238 ರೂಪಾಯಿ, ವಾಜರಹಳ್ಳಿ 10,854. ಅಗ್ಗ ಅನ್ನಿಸಿದ್ದೇ ದುಬಾರಿ! ಈ ಅಂಕಿ ಪತ್ರದಲ್ಲಿ ಇರಲೇಬೇಕು. ಅಳೆದು ನೋಡಿದ ಗಿರಾಕಿ ಎಂದು ಗೊತ್ತಾದರೆ ಮಾಲೀಕನ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಇಷ್ಟಾದ ಮೇಲೆ ಪತ್ರ ಹೀಗಿರಬಹುದು:

"ಸರ್, ನಮಸ್ಕಾರ. ನಿನ್ನೆ ಐದೂ ಮನೆಗಳನ್ನು ತೋರಿಸಿದ್ದಕ್ಕೆ ಧನ್ಯವಾದ. ಮನೆಯವರೆಲ್ಲ ಕೂತು ಮಾತಾಡಿದ್ದೇವೆ.

ಬನಶಂಕರಿ ಮೂರನೇ ಹಂತದ ಮನೆ ಬೇಡ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಅತ್ತೆಗೆ ಮಂಡಿನೋವಿದೆ. ಜೆ.ಪಿ. ನಗರ ಎಂಟನೇ ಹಂತದ್ದು ಬಿ ಖಾತಾ, ನಮ್ಮ ಬ್ಯಾಂಕ್ ಅದಕ್ಕೆ ಸಾಲ ಕೊಡುವುದಿಲ್ಲ. ಕೋಣನಕುಂಟೆ ಕ್ರಾಸ್ ಮನೆಗೆ ಹೇಳುವ ಬೆಲೆ 98 ಲಕ್ಷ, ಅದು ನಮ್ಮ ಅಳವಿನಲ್ಲಿಲ್ಲ. ಈ ಮೂರನ್ನೂ ಪಟ್ಟಿಯಿಂದ ತೆಗೆಯಿರಿ.

ಉತ್ತರಹಳ್ಳಿ, ವಾಜರಹಳ್ಳಿ ಮನೆಗಳ ಬಗ್ಗೆ ಮುಂದುವರಿಯಬಹುದು. ನಾವು ಅಳೆದಂತೆ ಒಳಗಿನ ಜಾಗ ಕ್ರಮವಾಗಿ 840 ಮತ್ತು 820 ಚದರಡಿ. ಕ್ರಯಪತ್ರದಲ್ಲಿ ಬೇರೆ ಅಳತೆ ಇದ್ದರೆ ತಿಳಿಸಿ. ಎರಡಕ್ಕೂ ಇ-ಖಾತಾ, ಈಚಿನ ಇಸಿ, ತಾಯಿಪತ್ರದ ಪ್ರತಿ, ಕಟ್ಟಡದ ಸ್ವಾಧೀನ ಪತ್ರ, ಈ ವರ್ಷ ತೆರಿಗೆ ಕಟ್ಟಿದ ರಸೀದಿ ಬೇಕು. ಕಾವೇರಿ ನೀರಿನ ಸಂಪರ್ಕ ಇದೆಯೇ, ಬೇಸಿಗೆಯಲ್ಲಿ ತಿಂಗಳಿಗೆ ಎಷ್ಟು ಟ್ಯಾಂಕರ್ ತರಿಸುತ್ತಾರೆ ಎಂದು ಅಸೋಸಿಯೇಷನ್‌ನವರಲ್ಲಿ ಕೇಳಿ ತಿಳಿಸಿ. ದಾಖಲೆ ನೋಡಿದ ಮೇಲೆ ಬೆಲೆ ಹೇಳುತ್ತೇವೆ.

ನೋಂದಣಿ, ನಿಮ್ಮ ಕಮಿಷನ್, ರಿಪೇರಿ ಎಲ್ಲ ನಮ್ಮ ಲೆಕ್ಕದಲ್ಲೇ ಬರಬೇಕಾಗಿರುವುದರಿಂದ 82 ಲಕ್ಷದ ಸುತ್ತ ಮುಗಿಯಬಹುದಾದ ಮನೆಗಳನ್ನು ಮಾತ್ರ ನೋಡುತ್ತೇವೆ. ಹೇಳುವ ಬೆಲೆ 90 ದಾಟಿದ ಮನೆ ತೋರಿಸುವುದು ಬೇಡ. ಪೂರ್ತಿ ಹಣ ಬ್ಯಾಂಕ್ ಮೂಲಕವೇ ಕೊಡುತ್ತೇವೆ. ನಿಮ್ಮ ಕಮಿಷನ್ ಶೇ 1 ಎಂದು ಮಾತಾಗಿದೆ, ಅದನ್ನು ನೋಂದಣಿ ದಿನ ಕೊಡುತ್ತೇವೆ. ಒಪ್ಪಿಗೆ ಎಂದು ಒಂದು ಸಾಲು ಬರೆದು ಕಳಿಸಿ."

ಪೂರ್ತಿ ಹಣ ಬ್ಯಾಂಕ್ ಮೂಲಕ ಎಂಬ ಮಾತು ಸಣ್ಣದಾಗಿ ಕಾಣಬಹುದು, ಆದರೆ ಬಜೆಟ್ ಉಳಿಯುವುದು ಅದರಿಂದಲೇ. ಬೆಲೆಯಲ್ಲಿ ಹತ್ತು ಹದಿನೈದು ಲಕ್ಷವನ್ನು ನಗದಾಗಿ ಕೇಳುವ ಮಾಲೀಕರು ಈಗಲೂ ಇದ್ದಾರೆ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಅದು ಹಾಗಿರಲಿ, ಕೊಳ್ಳುವವರ ಲೆಕ್ಕವೂ ಅದರಿಂದ ಕೆಡುತ್ತದೆ. ಕರಾರಿನಲ್ಲಿ ಬರೆದ ಬೆಲೆಯನ್ನು ಮೀರಿ ಬ್ಯಾಂಕ್ ಸಾಲದ ಲೆಕ್ಕ ಹಾಕುವುದಿಲ್ಲ. 82 ಲಕ್ಷದಲ್ಲಿ 12 ಲಕ್ಷ ನಗದು ಎಂದರೆ ಕರಾರು 70 ಲಕ್ಷಕ್ಕೆ, ಸಾಲ ಹೆಚ್ಚೆಂದರೆ 56 ಲಕ್ಷ. ಉಳಿದ 26 ಲಕ್ಷ ಈ ಕುಟುಂಬದ ಉಳಿತಾಯದಿಂದಲೇ ಹೋಗಬೇಕು. ಕೈಯಲ್ಲಿ 4 ಲಕ್ಷ ಉಳಿಯುತ್ತದೆ, ನೋಂದಣಿ ಖರ್ಚಿಗೇ ಅದು ಸಾಲದು. ನಗದು ಕೇಳುವ ಮಾಲೀಕರ ಮನೆಗಳನ್ನು ಬ್ರೋಕರ್ ಮೊದಲೇ ಬದಿಗಿಡಲಿ ಎಂಬುದಕ್ಕೇ ಈ ಸಾಲು.

ಕಮಿಷನ್ ವಿಷಯವನ್ನು ಇಷ್ಟು ಬೇಗ ಎತ್ತಲು ಅನೇಕರು ಸಂಕೋಚಪಡುತ್ತಾರೆ. ಮನೆ ಕುದುರಿದ ಮೇಲೆ ಶೇ 2 ಎಂಬ ಜಗಳ ಎದ್ದಾಗ ಯಾರ ಬಳಿಯೂ ಕಾಗದವಿರುವುದಿಲ್ಲ. ಬೇರೆ ಬ್ರೋಕರ್ ಮೂಲಕ ಅದೇ ಮನೆ ಮತ್ತೆ ಎದುರಾದಾಗಲೂ ಯಾರು ಮೊದಲು ತೋರಿಸಿದರು ಎಂಬುದಕ್ಕೆ ಈ ಪತ್ರದ ತಾರೀಖೇ ಸಾಕ್ಷಿ. ಪ್ರಾಮಾಣಿಕವಾಗಿ ಕೆಲಸ ಮಾಡುವ ಬ್ರೋಕರ್‌ಗೂ ಇದರಿಂದ ಅನುಕೂಲ.

ಪತ್ರಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಓದಿ. ದಾಖಲೆಗಳ ಪ್ರತಿ ಬಂದರೆ ಮಾಲೀಕ ನಿಜವಾಗಿ ಮಾರಲು ಸಿದ್ಧನಿದ್ದಾನೆ ಎಂದರ್ಥ. "ಪೇಪರ್ ಎಲ್ಲ ಕ್ಲಿಯರ್ ಇದೆ ಸರ್, ಇನ್ನೊಂದು ಪಾರ್ಟಿ ನಾಳೆ ಟೋಕನ್ ಹಾಕ್ತಿದ್ದಾರೆ" ಎಂಬ ಉತ್ತರ ಬಂದರೆ ಅವಸರ ಪಡಬೇಡಿ, ಕೇಳಿದ ದಾಖಲೆಗಳನ್ನು ಇನ್ನೊಮ್ಮೆ ಕೇಳಿ. ಇಸಿಯನ್ನು ಕಾವೇರಿ ಆನ್‌ಲೈನ್ ಪೋರ್ಟಲ್‌ನಲ್ಲಿ ನೀವೇ ತೆಗೆಸಬಹುದು, ಬ್ರೋಕರ್ ಕೊಟ್ಟ ಪ್ರತಿಯ ಜೊತೆ ತಾಳೆ ನೋಡಬಹುದು. ದಾಖಲೆಗಳು ಕೈಸೇರಿ ನಿಮ್ಮ ವಕೀಲರು ಓದುವವರೆಗೆ ಹತ್ತು ಸಾವಿರ ರೂಪಾಯಿಯ ಟೋಕನ್ನನ್ನೂ ಕೊಡಬೇಡಿ.